ಅಪಾಯಿಂಟ್‌ಮೆಂಟ್ ದಿನ ಬದಲಿಸಬೇಕೇ? ರೆಫರೆನ್ಸ್ ನಂಬರ್ ಹಿಡಿದು ಕೇಳುವುದು ಹೀಗೆ

ಬ್ಯಾಂಕಿನ ಕೆಲಸವಿರಲಿ, ಸರ್ಕಾರಿ ಕಚೇರಿಯ ಕೆಲಸವಿರಲಿ, ಈಗ ನೇರವಾಗಿ ಹೋಗಿ ಸಾಲಲ್ಲಿ ನಿಲ್ಲುವ ಹಾಗಿಲ್ಲ ಅನ್ನುವ ಕಡೆಗಳು ಸಾಕಷ್ಟಿವೆ. ಮೊದಲು ಸ್ಲಾಟ್ ತಗೊಳ್ಳಬೇಕು. 2020ರ ಕೋವಿಡ್ ಹೊತ್ತಲ್ಲಿ ಜನ ಗುಂಪು ಸೇರಬಾರದು ಅಂತ ಅನೇಕ ಕಚೇರಿಗಳು ಈ ಪದ್ಧತಿ ತಂದವು, ಆಮೇಲೆ ಅದನ್ನೇ ಉಳಿಸಿಕೊಂಡವು. ಸ್ಲಾಟ್ ತಗೊಳ್ಳೋದು ಹೇಗೆ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಸಿಕ್ಕ ದಿನ ನಮಗೆ ಆಗದೇ ಹೋದರೆ ಏನು ಮಾಡಬೇಕು ಅನ್ನೋದು ಮಾತ್ರ ಎಲ್ಲೋ ಮೂಲೆಯಲ್ಲಿ ಒಂದು ಸಾಲಿನಲ್ಲಿರುತ್ತದೆ. ಹಾಗಾಗಿ ಆ ಒಂದು ಸಾಲನ್ನೇ ಇಲ್ಲಿ ಬಿಡಿಸಿ ನೋಡೋಣ.

ಸ್ಲಾಟ್ ಅಂದರೆ ಬರೀ ಗಂಟೆ ಅಲ್ಲ

ಸ್ಲಾಟ್ ಅಂದ ತಕ್ಷಣ ನಮಗೆ ಕಾಣೋದು ಒಂದು ದಿನಾಂಕ, ಒಂದು ಸಮಯ. ಕಚೇರಿಯ ಕಡೆಯಿಂದ ನೋಡಿದರೆ ಅದರಲ್ಲಿ ಇನ್ನೂ ಎರಡು ವಿಷಯ ಸೇರಿವೆ: ಯಾವ ಕೆಲಸ, ಯಾವ ಕೌಂಟರ್.

ಒಂದು ಕಚೇರಿಯಲ್ಲಿ ದಾಖಲೆ ಪರಿಶೀಲನೆಗೆ 4 ಕೌಂಟರ್ ಇವೆ ಅಂದುಕೊಳ್ಳಿ. ಒಬ್ಬರಿಗೆ 20 ನಿಮಿಷ ಹಿಡಿಯುತ್ತದೆ. ಬೆಳಿಗ್ಗೆ 3 ಗಂಟೆ ಕೆಲಸ ಮಾಡಿದರೆ ಒಂದು ಕೌಂಟರಿಗೆ 9 ಜನ, ಒಟ್ಟು 36 ಸ್ಲಾಟ್. ಅದೇ ಕಟ್ಟಡದಲ್ಲಿ ಬೆರಳಚ್ಚು ಮತ್ತು ಫೋಟೋ ತೆಗೆಯುವ ಯಂತ್ರ ಒಂದೇ ಇದ್ದರೆ, ಆ ಕೆಲಸದ ಸ್ಲಾಟ್‌ಗಳ ಲೆಕ್ಕವೇ ಬೇರೆ. ಒಂದರಲ್ಲಿ ಖಾಲಿ ಇದೆ ಅಂತ ಇನ್ನೊಂದರವರನ್ನು ಅಲ್ಲಿಗೆ ಕಳಿಸಲು ಆಗುವುದಿಲ್ಲ. "ಆ ದಿನ ಖಾಲಿ ಇದೆ ಅಂತ ವೆಬ್‌ಸೈಟ್ ತೋರಿಸ್ತಿದೆ, ನನಗ್ಯಾಕೆ ಕೊಡಲ್ಲ" ಅಂತ ಜನ ಕೇಳುವುದುಂಟು. ಬಹಳಷ್ಟು ಸಲ ಅವರು ನೋಡುತ್ತಿರುವುದು ಬೇರೆ ಕೆಲಸದ ಸ್ಲಾಟ್ ಆಗಿರುತ್ತದೆ.

ಇಬ್ಬರು ಬರಬೇಕಾದ ಕೆಲಸವಿದ್ದರೆ ಇನ್ನೊಂದು ತೊಡಕು. ಜಂಟಿ ಖಾತೆ, ಜಂಟಿ ಸಾಲ ಇಂಥದ್ದಕ್ಕೆ ಇಬ್ಬರ ಗುರುತು ನೋಡಬೇಕು, ಇಬ್ಬರೂ ಸಹಿ ಹಾಕಬೇಕು. ಆಗ ಒಂದು ಸ್ಲಾಟ್ ಸಾಕಾಗದೆ ಅಕ್ಕಪಕ್ಕದ ಎರಡು ಸ್ಲಾಟ್ ಹಿಡಿದಿಟ್ಟಿರಬಹುದು. ದಿನ ಬದಲಿಸುವಾಗಲೂ ಹಾಗೇ ಎರಡು ಒಟ್ಟಿಗೆ ಸಿಗಬೇಕು. ಅದಕ್ಕೇ ಇಂಥ ಸ್ಲಾಟ್ ಬದಲಾಗಲು ಸ್ವಲ್ಪ ತಡವಾಗುತ್ತದೆ.

ರೆಫರೆನ್ಸ್ ನಂಬರ್ ಯಾಕೆ ಕೇಳುತ್ತಾರೆ

ರೈಲು ನಿಲ್ದಾಣದಲ್ಲಿ ಸಾಮಾನು ಇಡುವ ಕೊಠಡಿ ಇರುತ್ತದಲ್ಲ, ಅಲ್ಲಿ ಕೊಡುವ ಚೀಟಿಯ ಹಾಗೆ ಈ ನಂಬರ್. ಚೀಟಿ ಕೊಟ್ಟರೆ ನಿಮ್ಮ ಪೆಟ್ಟಿಗೆ ಯಾವ ಅಟ್ಟದಲ್ಲಿದೆ ಅಂತ ತಕ್ಷಣ ಗೊತ್ತಾಗುತ್ತದೆ. "ನೀಲಿ ಬಣ್ಣದ ಪೆಟ್ಟಿಗೆ, ನನ್ನ ಹೆಸರು ಇಂಥದ್ದು" ಅಂದರೆ ಅವರು ಹುಡುಕುತ್ತಾ ಕೂರಬೇಕು, ಬೇರೆಯವರ ಪೆಟ್ಟಿಗೆ ಕೊಟ್ಟುಬಿಡುವ ಅಪಾಯವೂ ಉಂಟು.

ಒಂದೇ ಹೆಸರಿನವರು ಎಷ್ಟೋ ಜನ. ಅದೇ ಹೆಸರನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ಒಬ್ಬರೇ ಎರಡು ಕೆಲಸಕ್ಕೆ ಅರ್ಜಿ ಹಾಕಿರುವುದೂ ಇದೆ. ನಂಬರ್ ಮಾತ್ರ ಒಂದು ಬುಕಿಂಗ್‌ಗೆ ಒಂದೇ. ಸಿಬ್ಬಂದಿ ಅದನ್ನು ಟೈಪ್ ಮಾಡಿದರೆ ನಿಮ್ಮ ದಾಖಲೆ ತೆರೆದುಕೊಳ್ಳುತ್ತದೆ. ಆಮೇಲೆ ಹೆಸರನ್ನೋ ಹುಟ್ಟಿದ ದಿನಾಂಕವನ್ನೋ ಕೇಳುತ್ತಾರೆ. ಕೇಳುತ್ತಿರುವುದು ನೀವೇನಾ ಅಂತ ಖಚಿತ ಮಾಡಿಕೊಳ್ಳಲು ಅಷ್ಟೇ. ನಂಬರಿನ ಒಂದಂಕಿ ತಪ್ಪಿ ಬೇರೆಯವರ ದಾಖಲೆ ತೆರೆದುಕೊಂಡಿದ್ದರೆ ಅದು ಗೊತ್ತಾಗುವುದೂ ಇಲ್ಲೇ.

ಕೆಲವು ನಂಬರ್‌ಗಳ ಕೊನೆಯ ಅಂಕಿ ಸುಮ್ನೆ ಇರುವುದಿಲ್ಲ. ಉಳಿದ ಅಂಕಿಗಳನ್ನು ಒಂದು ಸೂತ್ರಕ್ಕೆ ಹಾಕಿ ಅದನ್ನು ಲೆಕ್ಕ ಹಾಕಿರುತ್ತಾರೆ. ಕ್ರೆಡಿಟ್ ಕಾರ್ಡ್ ನಂಬರಿನಲ್ಲಿರುವುದು ಇದೇ ಉಪಾಯ. ಒಂದಂಕಿ ತಪ್ಪಾದರೆ ಲೆಕ್ಕ ತಾಳೆಯಾಗದೆ ಕಂಪ್ಯೂಟರ್ "ಈ ನಂಬರ್ ಸರಿಯಿಲ್ಲ" ಅನ್ನುತ್ತದೆ. ನೀವು ಕೊಟ್ಟ ನಂಬರಿಗೆ ಹಾಗೆ ಉತ್ತರ ಬಂದರೆ ಬುಕಿಂಗ್ ರದ್ದಾಯಿತು ಅಂತ ಗಾಬರಿಯಾಗಬೇಡಿ. ಮೊದಲು ಅಂಕಿಗಳನ್ನು ಮತ್ತೆ ನೋಡಿ. ಸೊನ್ನೆ ಮತ್ತು ಇಂಗ್ಲಿಷಿನ O, ಒಂದು ಮತ್ತು I, ಇವೆರಡು ಜೋಡಿಯಲ್ಲೇ ಜಾಸ್ತಿ ತಪ್ಪಾಗೋದು. ಕೈಯಲ್ಲಿ ಬರೆಯುವ ಬದಲು ಬಂದ ಮೆಸೇಜಿನಿಂದಲೇ ಕಾಪಿ ಮಾಡಿ ಹಾಕುವುದು ಒಳ್ಳೆಯದು.

ನಿಮ್ಮ ಹತ್ತಿರ ಇರುವ ನಂಬರ್‌ಗಳಲ್ಲಿ ಯಾವುದು ಬೇಕು

ಜನ ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಇಲ್ಲೇ. ಒಂದು ಕೆಲಸ ಮುಗಿಯುವಷ್ಟರಲ್ಲಿ ಫೋನಿನಲ್ಲಿ ನಾಲ್ಕೈದು ನಂಬರ್ ಸೇರಿರುತ್ತವೆ, ಎಲ್ಲದಕ್ಕೂ "ರೆಫರೆನ್ಸ್" ಅಂತಲೇ ಬರೆದಿರುತ್ತದೆ.

ಅರ್ಜಿ ಸಂಖ್ಯೆ ನಿಮ್ಮ ಇಡೀ ಕೆಲಸದ ನಂಬರ್. ಅದು ಕೊನೆಯವರೆಗೂ ಬದಲಾಗುವುದಿಲ್ಲ. ಅಪಾಯಿಂಟ್‌ಮೆಂಟ್ ರೆಫರೆನ್ಸ್ ಆ ಒಂದು ಭೇಟಿಯ ನಂಬರ್. ಸ್ಲಾಟ್ ಬದಲಿಸಲು ಬೇಕಾದದ್ದು ಇದು. ಶುಲ್ಕ ಕಟ್ಟಿದಾಗ ಬರುವುದು ಹಣ ಪಾವತಿಯ ನಂಬರ್. ಅದನ್ನು ಕೊಟ್ಟರೆ ಹಣ ಬಂದಿದೆಯಾ ಅಂತ ನೋಡಬಹುದೇ ಹೊರತು ಸ್ಲಾಟ್ ಕಾಣಿಸದು. ಬ್ಯಾಂಕಿನಲ್ಲಿ ಗ್ರಾಹಕರ ಸಂಖ್ಯೆ ಅಂತ ಇನ್ನೊಂದಿದೆ. ಅದು ನಿಮ್ಮದೇ ಗುರುತು, ಯಾವ ಬುಕಿಂಗ್ ಅಂತ ಅದು ಹೇಳುವುದಿಲ್ಲ. ಇಷ್ಟು ಸಾಲದು ಅಂತ ದಿನ ಬದಲಿಸಿ ಅಂತ ನೀವು ಬರೆದಾಗ ಆ ದೂರಿಗೋ ಕೋರಿಕೆಗೋ ಇನ್ನೊಂದು ಟಿಕೆಟ್ ನಂಬರ್ ಕೊಡುತ್ತಾರೆ.

ಗೊಂದಲವಾದರೆ ಹೀಗೆ ಮಾಡಿ: ದಿನಾಂಕ, ಸಮಯ, ಜಾಗ ಮೂರೂ ಬರೆದಿರುವ ಮೆಸೇಜ್ ಅಥವಾ ಚೀಟಿ ಹುಡುಕಿ. ಅದರಲ್ಲಿರುವ ನಂಬರೇ ನಿಮಗೆ ಬೇಕಾದದ್ದು. ಜೊತೆಗೆ ಅರ್ಜಿ ಸಂಖ್ಯೆಯನ್ನೂ ಬರೆದರೆ ಒಳ್ಳೆಯದು, ಯಾಕೆಂದರೆ ಕೆಲವು ಕಚೇರಿಗಳಲ್ಲಿ ಬುಕಿಂಗ್‌ಗೆ ಬೇರೆ ನಂಬರ್ ಇರುವುದಿಲ್ಲ, ಅರ್ಜಿ ಸಂಖ್ಯೆಯಿಂದಲೇ ಎಲ್ಲ ನೋಡುತ್ತಾರೆ. ಎರಡನ್ನೂ ಬರೆಯುವಾಗ ಯಾವುದು ಯಾವುದು ಅಂತ ಹೆಸರು ಹಾಕಿ. ಬರೀ ಅಂಕಿಗಳನ್ನು ಸಾಲಾಗಿ ಬರೆದರೆ ಓದುವವರು ಮೊದಲು ಕಂಡದ್ದನ್ನು ಟೈಪ್ ಮಾಡುತ್ತಾರೆ.

ರದ್ದು ಮಾಡಿ ಮತ್ತೆ ಬುಕ್ ಮಾಡಬಾರದೇ?

ಮಾಡಬಹುದು, ಆದರೆ ಅದು ಕೊನೆಯ ದಾರಿ. ದಿನ ಬದಲಾವಣೆ ಅಂದರೆ ನಿಮ್ಮ ಅದೇ ಬುಕಿಂಗನ್ನು ಬೇರೆ ಸ್ಲಾಟ್‌ಗೆ ಸರಿಸುವುದು. ಸರಿಯಾಗಿ ಮಾಡಿದ ವ್ಯವಸ್ಥೆಯಲ್ಲಿ ಮೊದಲು ಹೊಸ ಸ್ಲಾಟ್ ಹಿಡಿದು, ಆಮೇಲೆ ಹಳೆಯದನ್ನು ಬಿಡುತ್ತಾರೆ. ರದ್ದು ಮಾಡಿದರೆ ಹಳೆಯ ಸ್ಲಾಟ್ ಆ ಕ್ಷಣಕ್ಕೇ ಎಲ್ಲರಿಗೂ ತೆರೆದುಕೊಳ್ಳುತ್ತದೆ. ಹೊಸದು ಸಿಗದಿದ್ದರೆ ವಾಪಸ್ ಹೋಗಿ ಹಳೆಯದನ್ನೇ ಹಿಡಿಯೋಣ ಅಂದರೆ ಅಷ್ಟರಲ್ಲಿ ಬೇರೆ ಯಾರೋ ತಗೊಂಡಿರುತ್ತಾರೆ. ಕೆಲವು ಕಡೆ ರದ್ದು ಮಾಡಿದರೆ ಕಟ್ಟಿದ ಶುಲ್ಕವೂ ಹೋಗುತ್ತದೆ, ಅರ್ಜಿಯೇ ಮುಚ್ಚಿಹೋಗುವುದೂ ಇದೆ.

ಪರದೆಯ ಮೇಲೆ ಎರಡೂ ಬಟನ್ ಅಕ್ಕಪಕ್ಕದಲ್ಲೇ ಇರುತ್ತವೆ, Reschedule ಮತ್ತು Cancel ಅಂತ. ಒತ್ತುವ ಮುಂಚೆ ಓದಿ. ಕೆಲವು ವೆಬ್‌ಸೈಟ್‌ಗಳು Reschedule ಒತ್ತಿದಾಗಲೂ ಒಳಗೊಳಗೇ ಹಳೆಯದನ್ನು ಮೊದಲು ಬಿಟ್ಟು, ಆಮೇಲೆ ಖಾಲಿ ದಿನ ತೋರಿಸುತ್ತವೆ. "ಮುಂದುವರಿದರೆ ಈಗಿನ ಅಪಾಯಿಂಟ್‌ಮೆಂಟ್ ರದ್ದಾಗುತ್ತದೆ" ಅನ್ನುವ ಎಚ್ಚರಿಕೆ ಕಂಡರೆ ಅಲ್ಲೇ ನಿಲ್ಲಿ. ಸಾಧ್ಯವಿದ್ದರೆ ಖಾಲಿ ದಿನಗಳಿವೆಯಾ ಅಂತ ಬೇರೆ ಕಡೆ ನೋಡಿಕೊಂಡು ಮುಂದೆ ಹೋಗಿ.

ಎರಡು ಮಿತಿಗಳನ್ನೂ ನೋಡಿಕೊಳ್ಳಬೇಕು. ಒಂದು, ಎಷ್ಟು ಸಲ ಬದಲಿಸಬಹುದು ಅನ್ನೋದು. ಎರಡನೆಯದು, ಎಷ್ಟು ಮುಂಚೆ ಕೇಳಬೇಕು ಅನ್ನೋದು. ಹಿಂದಿನ ದಿನವೇ ಕೌಂಟರಿಗೆ ಆ ದಿನದ ಪಟ್ಟಿ ಹೋಗಿರುತ್ತದೆ, ಕೆಲವೊಮ್ಮೆ ನಿಮ್ಮ ಕಡತವನ್ನೂ ತೆಗೆದು ಮೇಜಿನ ಮೇಲಿಟ್ಟಿರುತ್ತಾರೆ. ಅದಾದ ಮೇಲೆ ಬದಲಿಸಿ ಅಂದರೆ ಕಂಪ್ಯೂಟರ್ ಬಿಡುವುದಿಲ್ಲ, ಶಾಖೆಗೇ ಫೋನ್ ಮಾಡಬೇಕಾಗುತ್ತದೆ. ಈ ಗಡುವು ನಿಮ್ಮ ಬುಕಿಂಗ್ ಮೆಸೇಜಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ.

ಒಂದು ಉದಾಹರಣೆ, ಮೊದಲಿಂದ ಕೊನೆವರೆಗೆ

ಒಬ್ಬ ಮಹಿಳೆ ಅಣ್ಣನ ಜೊತೆ ಸೇರಿ ಮನೆ ಸಾಲಕ್ಕೆ ಅರ್ಜಿ ಹಾಕಿದ್ದಾರೆ ಅಂದುಕೊಳ್ಳೋಣ. ದಾಖಲೆ ಪರಿಶೀಲನೆಗೆ ಮಾರ್ಚ್ 12, ಗುರುವಾರ ಬೆಳಿಗ್ಗೆ 11:30ಕ್ಕೆ ಸ್ಲಾಟ್ ಸಿಕ್ಕಿದೆ. ಇಬ್ಬರೂ ಬರಬೇಕು. ಅಣ್ಣ ಆ ವಾರ ಬೇರೆ ಊರಲ್ಲಿರುತ್ತಾರೆ ಅಂತ ಮಾರ್ಚ್ 6ಕ್ಕೆ ಗೊತ್ತಾಗುತ್ತದೆ. ವೆಬ್‌ಸೈಟಿನಲ್ಲಿ ನೋಡಿದರೆ ಜಂಟಿ ಅರ್ಜಿಗಳಿಗೆ ಬದಲಾವಣೆಯ ಬಟನ್ ಇಲ್ಲ, ಶಾಖೆಗೆ ಬರೆಯಿರಿ ಅಂತಿದೆ. ಅವರು ಹೀಗೆ ಇಮೇಲ್ ಬರೆಯಬಹುದು:

> ವಿಷಯ: ಅಪಾಯಿಂಟ್‌ಮೆಂಟ್ ದಿನ ಬದಲಾವಣೆ, ರೆಫರೆನ್ಸ್ DV-4071-58263, ಈಗಿನ ದಿನ ಮಾರ್ಚ್ 12
>
> ಮಾನ್ಯರೇ,
>
> ನನ್ನ ಅಪಾಯಿಂಟ್‌ಮೆಂಟ್ ರೆಫರೆನ್ಸ್ ನಂಬರ್ DV-4071-58263. ಸಾಲದ ಅರ್ಜಿ ಸಂಖ್ಯೆ HL-2260419. ದಾಖಲೆ ಪರಿಶೀಲನೆಗೆ ಮಾರ್ಚ್ 12, ಗುರುವಾರ ಬೆಳಿಗ್ಗೆ 11:30ಕ್ಕೆ ಸ್ಲಾಟ್ ಇದೆ.
>
> ಜೊತೆ ಅರ್ಜಿದಾರರು ಆ ದಿನ ಊರಲ್ಲಿ ಇರುವುದಿಲ್ಲ. ದಯವಿಟ್ಟು ಮಾರ್ಚ್ 16 ಸೋಮವಾರ ಮಧ್ಯಾಹ್ನ, ಮಾರ್ಚ್ 17 ಮಂಗಳವಾರ ಯಾವ ಸಮಯವಾದರೂ, ಅಥವಾ ಮಾರ್ಚ್ 19 ಗುರುವಾರ ಬೆಳಿಗ್ಗೆ, ಇವುಗಳಲ್ಲಿ ಒಂದಕ್ಕೆ ಬದಲಿಸಿಕೊಡಿ. ಇಬ್ಬರೂ ಸಹಿ ಹಾಕಬೇಕಾಗಿರುವುದರಿಂದ ಅಷ್ಟು ಸಮಯ ಇರುವ ಸ್ಲಾಟ್ ಬೇಕು.
>
> ಹೊಸ ದಿನ ಖಚಿತವಾಗುವ ತನಕ ಈಗಿನ ಸ್ಲಾಟನ್ನು ಹಾಗೇ ಇಟ್ಟಿರಿ ಎಂದು ಕೋರುತ್ತೇನೆ. ಹೊಸ ದಿನಾಂಕ ಮತ್ತು ಸಮಯವನ್ನು ಇದೇ ಇಮೇಲಿಗೆ ತಿಳಿಸಿ.
>
> ಇಂತಿ,
> ಅರ್ಜಿಯಲ್ಲಿರುವಂತೆ ಹೆಸರು, ನೋಂದಾಯಿಸಿದ ಫೋನ್ ನಂಬರ್

ಈ ಪತ್ರದ ಒಂದೊಂದು ತುಂಡೂ ಯಾಕಿದೆ ಅಂತ ನೋಡಿ. ನಂಬರ್ ವಿಷಯದ ಸಾಲಿನಲ್ಲೇ ಇದೆ, ಯಾಕೆಂದರೆ ಇಮೇಲ್ ತೆರೆಯದೇನೇ ಅದು ಯಾವ ಕಡತ ಅಂತ ಗೊತ್ತಾಗಬೇಕು, ಆಮೇಲೆ ಹುಡುಕಿದರೆ ಸಿಗಬೇಕು. ಹಳೆಯ ದಿನ ಮತ್ತು ಸಮಯ ಬರೆದದ್ದರಿಂದ ಸಿಬ್ಬಂದಿ ತೆರೆದ ದಾಖಲೆ ಸರಿಯಾದದ್ದೇ ಅಂತ ತಾಳೆ ನೋಡಬಹುದು. ಕಾರಣ ಒಂದೇ ಸಾಲು ಸಾಕು. ಕುಟುಂಬದ ಕಷ್ಟವನ್ನೆಲ್ಲ ಬರೆದರೆ ಮುಖ್ಯವಾದ ದಿನಾಂಕಗಳು ಅದರಡಿ ಮುಚ್ಚಿಹೋಗುತ್ತವೆ.

ವಾರದ ಹೆಸರನ್ನು ಬಿಡಲೇಬಾರದು. 03/04 ಅಂತ ಬರೆದರೆ ಅದು ಏಪ್ರಿಲ್ 3 ಆಗಬಹುದು, ಮಾರ್ಚ್ 4 ಕೂಡ ಆಗಬಹುದು, ಬರೆಯುವ ಕ್ರಮ ಎಲ್ಲ ಕಡೆ ಒಂದೇ ಅಲ್ಲ. ತಿಂಗಳ ಹೆಸರು ಬರೆದು ಪಕ್ಕದಲ್ಲಿ ವಾರ ಹಾಕಿದರೆ ಟೈಪ್ ಮಾಡುವಾಗ ಆದ ತಪ್ಪೂ ಸಿಕ್ಕಿಬೀಳುತ್ತದೆ. 17ರ ಬದಲು 18 ಅಂತ ಬಿದ್ದು ಪಕ್ಕದಲ್ಲಿ ಮಂಗಳವಾರ ಅಂತಿದ್ದರೆ, ಓದುವವರು ನಿಂತು ಕೇಳುತ್ತಾರೆ.

ಮೂರು ದಿನ ಕೊಟ್ಟಿರುವುದು ಇನ್ನೊಂದು ಒಳ್ಳೆಯ ಕೆಲಸ. ಒಂದೇ ದಿನ ಕೇಳಿದರೆ ಅದು ತುಂಬಿದ್ದಾಗ "ಲಭ್ಯವಿಲ್ಲ" ಅಂತ ಉತ್ತರ ಬರುತ್ತದೆ, ನೀವು ಮತ್ತೆ ಬರೆಯಬೇಕು, ಅಷ್ಟರಲ್ಲಿ ಎರಡು ದಿನ ಹೋಗಿರುತ್ತದೆ. "ಯಾವಾಗಲಾದರೂ ಸರಿ" ಅಂದರೂ ಕಷ್ಟ, ನಿಮಗೆ ಆಗದ ದಿನವನ್ನೇ ಕೊಟ್ಟುಬಿಡಬಹುದು.

"ನಿಮ್ಮ ಕೋರಿಕೆ ಸ್ವೀಕರಿಸಲಾಗಿದೆ" ಅಂದರೆ ಬದಲಾಯಿತು ಅಂತಲ್ಲ

ಇಮೇಲ್ ಕಳಿಸಿದ ಕೆಲವೇ ನಿಮಿಷದಲ್ಲಿ ಆ ಮಹಿಳೆಗೆ ಉತ್ತರ ಬರುತ್ತದೆ: "ನಿಮ್ಮ ಕೋರಿಕೆಯನ್ನು ಸ್ವೀಕರಿಸಲಾಗಿದೆ. ನಿಮ್ಮ ರೆಫರೆನ್ಸ್ ಸಂಖ್ಯೆ SR-903317." ಕೆಲಸ ಆಯಿತು ಅಂತ ಅನ್ನಿಸುವುದು ಸಹಜ ಅಲ್ವಾ? ಆದರೆ ಇದನ್ನು ಕಳಿಸಿದ್ದು ಕಂಪ್ಯೂಟರ್. ಪತ್ರ ತಲುಪಿದೆ ಅನ್ನೋದು ಬಿಟ್ಟು ಅದರಲ್ಲಿ ಬೇರೇನೂ ಇಲ್ಲ. ಯಾರೂ ಇನ್ನೂ ಓದಿರಲಿಕ್ಕಿಲ್ಲ. ಆ SR ನಂಬರ್ ಪತ್ರದ್ದು, ಸ್ಲಾಟಿನದ್ದಲ್ಲ.

ಸ್ಲಾಟ್ ನಿಜವಾಗಿ ಬದಲಾಗಿದೆ ಅಂತ ತಿಳಿಯೋದು ಹೊಸ ದಿನ ಮತ್ತು ಹೊಸ ಸಮಯ ಎರಡೂ ಬರೆದಿರುವ ಖಚಿತಪಡಿಸುವ ಮೆಸೇಜ್ ಬಂದಾಗ. ಅದು ಬಂದ ಮೇಲೂ ವೆಬ್‌ಸೈಟಿನಲ್ಲಿ ಅಪಾಯಿಂಟ್‌ಮೆಂಟ್ ನಂಬರ್ ಹಾಕಿ ಒಮ್ಮೆ ನೋಡಿ. ಎರಡೂ ಕಡೆ ಒಂದೇ ದಿನ ಇರಬೇಕು. ನಂಬರ್ ಹಳೆಯದೇ ಉಳಿದಿದೆಯಾ, ಹೊಸದು ಕೊಟ್ಟಿದ್ದಾರಾ ಅಂತಲೂ ಗಮನಿಸಿ. ಕೆಲವು ಕಚೇರಿಗಳು ಬದಲಿಸಿದ ಮೇಲೆ ಹೊಸ ನಂಬರ್ ಕೊಡುತ್ತವೆ, ಆಗ ಹಳೆಯ ಚೀಟಿ ತಗೊಂಡು ಹೋದರೆ ಬಾಗಿಲಲ್ಲೇ ತಡೆಯುತ್ತಾರೆ.

ನಮ್ಮ ಉದಾಹರಣೆಯಲ್ಲಿ ಮಾರ್ಚ್ 9, ಸೋಮವಾರ ಸಂಜೆಯ ತನಕ ಏನೂ ಬರಲಿಲ್ಲ, ವೆಬ್‌ಸೈಟಿನಲ್ಲಿ ಇನ್ನೂ ಮಾರ್ಚ್ 12 ಅಂತಲೇ ಇದೆ. ಅವರ ಬುಕಿಂಗ್ ಮೆಸೇಜಿನಲ್ಲಿರುವ ಗಡುವು 48 ಗಂಟೆ ಮುಂಚೆ, ಅಂದರೆ ಮಾರ್ಚ್ 10ರ ಬೆಳಿಗ್ಗೆ 11:30. ಇನ್ನು ಕಾಯುವ ಹಾಗಿಲ್ಲ. ಮರುದಿನ ಶಾಖೆ ತೆರೆಯುತ್ತಿದ್ದಂತೆ ಫೋನ್ ಮಾಡಬೇಕು. ಆಗ ಎರಡೂ ನಂಬರ್ ಹೇಳಬೇಕು: "ಅಪಾಯಿಂಟ್‌ಮೆಂಟ್ ರೆಫರೆನ್ಸ್ ಇದು, ಬದಲಿಸಿ ಅಂತ ಮಾರ್ಚ್ 6ರಂದು ಬರೆದಿದ್ದೆ, ಆ ಕೋರಿಕೆಯ ನಂಬರ್ ಇದು." ಮೊದಲನೆಯದರಿಂದ ಸ್ಲಾಟ್ ಸಿಗುತ್ತದೆ. ಎರಡನೆಯದರಿಂದ ನೀವು ಗಡುವಿನೊಳಗೇ ಕೇಳಿದ್ದಿರಿ ಅನ್ನುವುದಕ್ಕೆ ದಾಖಲೆ ಸಿಗುತ್ತದೆ. ಗಡುವು ಮೀರಿಹೋಯಿತು ಅಂತ ವಾದ ಬಂದರೆ ನಿಮ್ಮ ಕೈಯಲ್ಲಿರುವ ಗಟ್ಟಿ ಪುರಾವೆ ಇದೇ.

ಫೋನಿನಲ್ಲಿ ನಂಬರನ್ನು ಎರಡು ಮೂರು ಅಂಕಿಗಳ ತುಂಡು ಮಾಡಿ ನಿಧಾನವಾಗಿ ಹೇಳಿ, ಅವರಿಂದ ತಿರುಗಿ ಹೇಳಿಸಿ. ಬದಲಿಸಿದೆವು ಅಂದರೆ ಫೋನ್ ಇಡುವ ಮುಂಚೆ ಹೊಸ ದಿನ, ವಾರ, ಸಮಯ ಕೇಳಿ ಬರೆದುಕೊಳ್ಳಿ, ಮೆಸೇಜ್ ಬಂತಾ ಅಂತ ಅವರು ಲೈನಿನಲ್ಲಿರುವಾಗಲೇ ನೋಡಿ. ಈ ಮಹಿಳೆಗೆ ಮಾರ್ಚ್ 17, ಮಂಗಳವಾರ 10:00 ಗಂಟೆ ಸಿಕ್ಕಿತು ಅಂತಿಟ್ಟುಕೊಳ್ಳಿ. ಆಗ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ: "ಇದು ಇಬ್ಬರಿಗೂ ಸೇರಿದ ಸ್ಲಾಟ್ ತಾನೇ?" ಅವಸರದಲ್ಲಿ ಒಬ್ಬರ ಸ್ಲಾಟ್ ಮಾತ್ರ ಸರಿಸಿಬಿಟ್ಟರೆ ಇನ್ನೊಬ್ಬರದ್ದು ಹಳೆಯ ದಿನದಲ್ಲೇ ಕೂತಿರುತ್ತದೆ, ಆ ದಿನ ಅವರು ಬರಲಿಲ್ಲ ಅಂತ ದಾಖಲಾಗುತ್ತದೆ.

ದಿನ ಬದಲಾದರೂ ಬದಲಾಗದ ವಿಷಯಗಳು

ಸ್ಲಾಟ್ ಮುಂದೆ ಹೋದ ಮಾತ್ರಕ್ಕೆ ಬೇರೆ ಗಡುವುಗಳು ಮುಂದೆ ಹೋಗುವುದಿಲ್ಲ. ಸಾಲ ಮಂಜೂರಾದ ಪತ್ರಕ್ಕೆ ಒಂದು ಕೊನೆಯ ದಿನ ಇರುತ್ತದೆ. ಕೆಲವು ಪ್ರಮಾಣಪತ್ರಗಳು ಇಂತಿಷ್ಟು ತಿಂಗಳೊಳಗಿನದ್ದೇ ಆಗಿರಬೇಕು ಅಂತಿರುತ್ತದೆ. ಹೊಸ ದಿನ ಆರಿಸುವಾಗ ಆ ದಿನಕ್ಕೆ ಇವೆಲ್ಲ ಇನ್ನೂ ಚಾಲ್ತಿಯಲ್ಲಿರುತ್ತವಾ ಅಂತ ಲೆಕ್ಕ ಹಾಕಿ.

ಇನ್ನೊಂದನ್ನು ಬೇರೆ ಮಾಡಿ ನೋಡಲೇಬೇಕು. ನೀವೇ ಬುಕ್ ಮಾಡಿದ ಸ್ಲಾಟ್ ಒಂದು ಬಗೆ. ಕಚೇರಿಯೇ ನೋಟಿಸ್ ಕೊಟ್ಟು "ಈ ದಿನ ವಿಚಾರಣೆಗೆ ಹಾಜರಾಗಿ" ಅಂತ ಕರೆದದ್ದು ಬೇರೆಯೇ ಬಗೆ. ಎರಡನೆಯದರಲ್ಲಿ ದಿನ ಬದಲಿಸುವ ಹಕ್ಕು ನಿಮ್ಮದಲ್ಲ, ನೀವು ಕಾಲಾವಕಾಶ ಕೇಳುತ್ತೀರಿ, ಕೊಡುವುದು ಬಿಡುವುದು ಅಧಿಕಾರಿಗೆ ಬಿಟ್ಟದ್ದು. ಅಲ್ಲಿ ನೋಟಿಸ್ ಸಂಖ್ಯೆ ಮತ್ತು ನೋಟಿಸಿನ ದಿನಾಂಕ ಎರಡನ್ನೂ ಬರೆದು, ಕಾರಣಕ್ಕೆ ದಾಖಲೆ ಸೇರಿಸಿ ಕೇಳಬೇಕು. ಒಪ್ಪಿದ್ದೇವೆ ಅಂತ ಬರವಣಿಗೆಯಲ್ಲಿ ಉತ್ತರ ಬರುವವರೆಗೂ ಹಳೆಯ ದಿನವೇ ಲೆಕ್ಕಕ್ಕೆ. ಕೇಳಿದ್ದೇನಲ್ಲ ಅಂತ ಹೋಗದೇ ಇದ್ದರೆ ನೀವಿಲ್ಲದೆಯೇ ತೀರ್ಮಾನ ಆಗಿಬಿಡಬಹುದು.

ನಂಬರನ್ನು ಎಲ್ಲಿ ಹೇಳಬಾರದು

ರೆಫರೆನ್ಸ್ ನಂಬರ್ ಪಾಸ್‌ವರ್ಡ್‌ನಷ್ಟು ಗುಟ್ಟಿನದ್ದಲ್ಲ, ಆದರೆ ಬೀದಿಯಲ್ಲಿ ಹೇಳುವಂಥದ್ದೂ ಅಲ್ಲ. ಅನೇಕ ವೆಬ್‌ಸೈಟ್‌ಗಳಲ್ಲಿ ಆ ನಂಬರ್ ಮತ್ತು ಹುಟ್ಟಿದ ದಿನಾಂಕ ಎರಡಿದ್ದರೆ ಬುಕಿಂಗ್ ತೆರೆಯಬಹುದು, ರದ್ದೂ ಮಾಡಬಹುದು. ಉತ್ತರ ಬರಲಿಲ್ಲ ಅಂತ ಸಿಟ್ಟಿನಲ್ಲಿ ಸೋಷಿಯಲ್ ಮೀಡಿಯಾದಲ್ಲಿ ಎಲ್ಲರಿಗೂ ಕಾಣುವ ಹಾಗೆ ನಂಬರ್ ಹಾಕಿದರೆ, ಸ್ವಲ್ಪ ಹೊತ್ತಿಗೆ "ನಾವು ಬ್ಯಾಂಕಿನವರು, ನಿಮ್ಮ ಸ್ಲಾಟ್ ಬದಲಿಸಿಕೊಡ್ತೀವಿ" ಅಂತ ಫೋನ್ ಬರಬಹುದು. ಅವರು ನಿಮ್ಮ ನಂಬರನ್ನೇ ಹೇಳುವುದರಿಂದ ನಿಜವಾದವರೇ ಅನ್ನಿಸುತ್ತದೆ. ಸ್ಲಾಟ್ ಬದಲಿಸಲು ಕಾರ್ಡಿನ ಪಿನ್ ಆಗಲಿ, ಬ್ಯಾಂಕ್ ಪಾಸ್‌ವರ್ಡ್ ಆಗಲಿ ಬೇಕಿಲ್ಲ. ನೀವೇ ವೆಬ್‌ಸೈಟಿನಲ್ಲಿ ಬದಲಿಸುವಾಗ ಫೋನಿಗೆ ಓಟಿಪಿ ಬರಬಹುದು, ಅದನ್ನು ನೀವೇ ಆ ಪುಟದಲ್ಲಿ ಹಾಕುತ್ತೀರಿ. ಅದನ್ನು ಯಾರಿಗೂ ಓದಿ ಹೇಳುವ ಪ್ರಮೇಯ ಬರುವುದಿಲ್ಲ. ಅಂಥ ಫೋನ್ ಬಂದರೆ ಇಟ್ಟುಬಿಟ್ಟು, ಬುಕಿಂಗ್ ಚೀಟಿಯಲ್ಲಿರುವ ನಂಬರಿಗೆ ನೀವೇ ಮಾಡಿ.

ಯಾವ ದಿನವೂ ಖಾಲಿ ಇಲ್ಲದಿದ್ದರೆ

ಬೇರೆಯವರು ಬಿಟ್ಟ ಸ್ಲಾಟ್‌ಗಳು ಮತ್ತೆ ಪಟ್ಟಿಗೆ ಬರುತ್ತಿರುತ್ತವೆ. ಬದಲಾವಣೆಯ ಗಡುವು ಮುಗಿಯುವ ಮುಂಚಿನ ಹೊತ್ತಲ್ಲಿ ಜನ ಬಿಡುವುದು ಜಾಸ್ತಿ, ಹಾಗಾಗಿ ನಿಮಗೆ ಬೇಕಾದ ದಿನಕ್ಕೆ ಎರಡು ಮೂರು ದಿನ ಇದೆ ಅನ್ನುವಾಗ ಮತ್ತೆ ನೋಡಿ. ಅದೇ ಕೆಲಸ ಬೇರೆ ಶಾಖೆಯಲ್ಲೂ ಆಗುತ್ತದಾ ಅಂತ ಕೇಳಿ, ಆದರೆ ನಿಮ್ಮ ಕಡತ ಅಲ್ಲಿಗೂ ತಲುಪುತ್ತದೆ ಅಂತ ಖಚಿತ ಮಾಡಿಕೊಂಡೇ ಒಪ್ಪಿ. ಏನೂ ಸಿಗದೆ ಹಳೆಯ ದಿನಕ್ಕೂ ಹೋಗಲಾಗದಿದ್ದರೆ, ಸುಮ್ನೆ ಗೈರಾಗುವ ಬದಲು ಅದೇ ಇಮೇಲಿಗೆ ಉತ್ತರವಾಗಿ, ಎರಡೂ ನಂಬರ್ ಹಾಕಿ, ಬರಲಾಗುತ್ತಿಲ್ಲ ಅಂತ ಸ್ಲಾಟಿನ ಸಮಯಕ್ಕೆ ಮುಂಚೆಯೇ ಬರೆಯಿರಿ. ಗೈರಾದವರ ಅರ್ಜಿಯನ್ನು ಮುಚ್ಚುವ ನಿಯಮ ಇರುವ ಕಡೆ ಮತ್ತೆ ತೆರೆಸಲು ಹೋದಾಗ ಅವರು ಮೊದಲು ಕೇಳುವುದು ಆ ಇಮೇಲಿನ ದಿನ ಮತ್ತು ಗಂಟೆಯನ್ನೇ.